ಒಂದು ಕೋಟಿ ಕಿಲೋಕ್ಯಾಲರಿಯ ಲೆಕ್ಕ: ದೇಶದ ಇಂಧನ ಅಂಕಿಅಂಶ ಓದುವುದು ಹೇಗೆ?

ಹಾಸನದ ಒಂದು ಸಾಧಾರಣ ಮನೆಯನ್ನು ತೆಗೆದುಕೊಳ್ಳಿ. ಗ್ಯಾಸ್ ಕೆಜಿ ಲೆಕ್ಕದಲ್ಲಿ ಬರುತ್ತದೆ, ಕರೆಂಟು ಯೂನಿಟ್ ಲೆಕ್ಕದಲ್ಲಿ, ಸ್ಕೂಟರಿನ ಪೆಟ್ರೋಲ್ ಲೀಟರ್ ಲೆಕ್ಕದಲ್ಲಿ. ಬಚ್ಚಲೊಲೆಗೆ ಹಾಕುವ ಸೌದೆಗೆ ಅಳತೆಯೇ ಇಲ್ಲ, ಹೊರೆ ಅಂದರೆ ಮುಗಿಯಿತು. ಈ ಮನೆ ವರ್ಷಕ್ಕೆ ಒಟ್ಟು ಎಷ್ಟು ಶಕ್ತಿ ಬಳಸುತ್ತದೆ ಅಂತ ಯಾರಾದರೂ ಕೇಳಿದರೆ ಕೆಜಿಗೆ ಲೀಟರ್ ಕೂಡಿಸಲು ಆಗುವುದಿಲ್ಲ. ದೇಶಕ್ಕೂ ಇದೇ ತೊಡಕು. ಕಲ್ಲಿದ್ದಲು ಟನ್ನಿನಲ್ಲಿ, ನೈಸರ್ಗಿಕ ಅನಿಲ ಘನ ಮೀಟರಿನಲ್ಲಿ, ಜಲವಿದ್ಯುತ್ ಯೂನಿಟ್ಟಿನಲ್ಲಿ. ಇವನ್ನೆಲ್ಲ ಕೂಡಬೇಕಾದರೆ ಮೊದಲು ಒಂದೇ ಅಳತೆಗೆ ತರಬೇಕು.

ಕೇಂದ್ರ ಸರ್ಕಾರದ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ ‘ಎನರ್ಜಿ ಸ್ಟ್ಯಾಟಿಸ್ಟಿಕ್ಸ್ ಇಂಡಿಯಾ’ ಎಂಬ ವಾರ್ಷಿಕ ವರದಿ ತರುತ್ತದೆ. ಅದರಲ್ಲಿ ಇಡೀ ದೇಶದ ಇಂಧನದ ಜಮಾ-ಖರ್ಚು ಒಂದೇ ಪಟ್ಟಿಯಲ್ಲಿದೆ. ಆ ಪಟ್ಟಿಯ ಅಳತೆ ಟಿಒಇ, ಅಂದರೆ ‘ಇಷ್ಟು ಟನ್ ತೈಲಕ್ಕೆ ಸಮ’. ಅದೇ ಲೆಕ್ಕ ಪೆಟಾಜೌಲಿನಲ್ಲೂ ಸಿಗುತ್ತದೆ. ವಿದ್ಯುತ್ತಿನ ಪುಟಗಳಿಗೆ ಬಂದರೆ ಗಿಗಾವಾಟ್-ಗಂಟೆ. ಕಲ್ಲಿದ್ದಲಿನ ದರ್ಜೆ ನೋಡಲು ಹೋದರೆ ಕಿಲೋಕ್ಯಾಲರಿ. ಮೊದಲ ಸಲ ನೋಡುವವರು ಇಲ್ಲೇ ಪುಟ ಮಡಿಸಿಬಿಡುತ್ತಾರೆ. ಆದರೆ ಅಳತೆ ಬದಲಾಯಿಸುವುದು ಗುಣಾಕಾರ, ಭಾಗಾಕಾರ ಅಷ್ಟೇ. ನಿಜವಾದ ಕಷ್ಟ ಬೇರೆ ಕಡೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಿಲೋಕ್ಯಾಲರಿ ಹಿಡಿದುಕೊಳ್ಳಿ, ಅದು ಕೈಗೆ ಸಿಗುವ ಅಳತೆ. ಒಂದು ಕೆಜಿ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಾಖವೇ ಒಂದು ಕಿಲೋಕ್ಯಾಲರಿ. 20 ಲೀಟರಿನ ಒಂದು ಬಕೆಟ್ ನೀರು 20 ಡಿಗ್ರಿ ಇದೆ, ಸ್ನಾನಕ್ಕೆ 45 ಡಿಗ್ರಿಗೆ ತರಬೇಕು ಅಂದುಕೊಳ್ಳಿ. 20 ಕೆಜಿ, 25 ಡಿಗ್ರಿ: 500 ಕಿಲೋಕ್ಯಾಲರಿ. ಇದನ್ನೇ ಕರೆಂಟಿನಲ್ಲಿ ಕಾಯಿಸಿದರೆ ಎಷ್ಟು ಯೂನಿಟ್? ಒಂದು ಯೂನಿಟ್ ಅಂದರೆ ಒಂದು ಕಿಲೋವಾಟ್-ಗಂಟೆ, ಅದು 860 ಕಿಲೋಕ್ಯಾಲರಿಗೆ ಸಮ. ಹಾಗಾಗಿ ಒಂದು ಬಕೆಟ್ಟಿಗೆ 0.58 ಯೂನಿಟ್. ಗೀಸರಿನಲ್ಲಿ ಸೋರಿಹೋಗುವ ಶಾಖ ಸೇರಿದರೆ ಸ್ವಲ್ಪ ಜಾಸ್ತಿ.

ಈ 860 ಎಲ್ಲಿಂದ ಬಂತು? ಒಂದು ವಾಟ್ ಅಂದರೆ ಸೆಕೆಂಡಿಗೆ ಒಂದು ಜೌಲ್. ಸಾವಿರ ವಾಟಿನ ಹೀಟರು ಒಂದು ಗಂಟೆ, ಅಂದರೆ 3,600 ಸೆಕೆಂಡು ಉರಿದರೆ 36 ಲಕ್ಷ ಜೌಲ್, ಅಂದರೆ 3.6 ಮೆಗಾಜೌಲ್. ಒಂದು ಕಿಲೋಕ್ಯಾಲರಿ 4,186.8 ಜೌಲ್. 36 ಲಕ್ಷವನ್ನು 4,186.8ರಿಂದ ಭಾಗಿಸಿದರೆ 859.845 ಬರುತ್ತದೆ. ಎಲ್ಲರೂ 860 ಅಂತ ಇಟ್ಟುಕೊಳ್ಳುತ್ತಾರೆ. ಕೆಲವು ಪುಸ್ತಕಗಳಲ್ಲಿ ಕಿಲೋಕ್ಯಾಲರಿಗೆ 4,184 ಜೌಲ್ ಅಂತ ಇರುತ್ತದೆ. ಅದು ರಸಾಯನಶಾಸ್ತ್ರದವರ ಕ್ಯಾಲರಿ. ವ್ಯತ್ಯಾಸ ಸಾವಿರಕ್ಕೆ ಒಂದೂ ಬರುವುದಿಲ್ಲ, ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈಗ ಟಿಒಇ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ, ಅಂದರೆ ಐಇಎ, ಇದಕ್ಕೆ ಕೊಟ್ಟಿರುವ ಬೆಲೆ 10ರ ಮೇಲೆ 7 ಘಾತ ಕಿಲೋಕ್ಯಾಲರಿ. ನಮ್ಮ ಎಣಿಕೆಯಲ್ಲಿ ಹೇಳಿದರೆ ಸರಿಯಾಗಿ ಒಂದು ಕೋಟಿ ಕಿಲೋಕ್ಯಾಲರಿ! ಮಿಲಿಯನ್, ಬಿಲಿಯನ್ ಎಣಿಸುವವರಿಗಿಂತ ಲಕ್ಷ, ಕೋಟಿ ಎಣಿಸುವ ನಮಗೆ ಈ ಅಳತೆ ಸಲೀಸು. ಮೇಲಿನ ಬಕೆಟ್ ಲೆಕ್ಕದಲ್ಲಿ ಒಂದು ಟಿಒಇ ಅಂದರೆ 20,000 ಬಕೆಟ್ ಬಿಸಿನೀರು. ನೆನಪಿಟ್ಟುಕೊಳ್ಳಬೇಕಾದ ಸಾಲು ಇಷ್ಟೇ:

```
1 toe = 10^7 kcal = 41.868 GJ = 11,630 kWh
```

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಹೆಸರಿನಲ್ಲಿ ತೈಲ ಇದ್ದರೂ ಇದು ತೈಲವನ್ನು ತೂಗಿ ಬಂದದ್ದಲ್ಲ, ಒಪ್ಪಂದದಿಂದ ಗೊತ್ತು ಮಾಡಿದ ಅಂಕಿ. ನಿಜವಾದ ಕಚ್ಚಾ ತೈಲದ ಒಂದು ಟನ್ನಿನಲ್ಲಿ ಸುಮಾರು 42.3 ಗಿಗಾಜೌಲ್ ಇರುತ್ತದೆ, ಅಂದರೆ 1.01 ಟಿಒಇ. ಬಾವಿಯಿಂದ ಬಾವಿಗೆ ಅದು ಆಚೀಚೆ ಆಗುತ್ತದೆ. ಒಂದು ಟನ್ ಅಡುಗೆ ಅನಿಲ 1.13 ಟಿಒಇ. ಕೆಜಿಗೆ 4,000 ಕಿಲೋಕ್ಯಾಲರಿ ಕೊಡುವ ನಮ್ಮ ಕಲ್ಲಿದ್ದಲಾದರೆ ಟನ್ನಿಗೆ 0.4 ಟಿಒಇ ಮಾತ್ರ. ಕೆಜಿಯ ಕಿಲೋಕ್ಯಾಲರಿಯನ್ನು 10,000ದಿಂದ ಭಾಗಿಸಿದರೆ ಟನ್ನಿನ ಟಿಒಇ ಸಿಕ್ಕಿತು, ಬಾಯಿಲೆಕ್ಕದಲ್ಲೇ ಮಾಡಬಹುದು.

ಆ ಹಾಸನದ ಮನೆಗೇ ಇದನ್ನು ಹಾಕಿ ನೋಡೋಣ. ತಿಂಗಳಿಗೆ 100 ಯೂನಿಟ್ ಕರೆಂಟು, ವರ್ಷಕ್ಕೆ 8 ಸಿಲಿಂಡರ್, ತಿಂಗಳಿಗೆ 10 ಲೀಟರ್ ಪೆಟ್ರೋಲ್ ಅಂತ ಇಟ್ಟುಕೊಳ್ಳೋಣ. ಕರೆಂಟು ವರ್ಷಕ್ಕೆ 1,200 ಯೂನಿಟ್, 860ರಿಂದ ಗುಣಿಸಿದರೆ 10.3 ಲಕ್ಷ ಕಿಲೋಕ್ಯಾಲರಿ. ಒಂದು ಸಿಲಿಂಡರಿನಲ್ಲಿ 14.2 ಕೆಜಿ ಅನಿಲ, ಕೆಜಿಗೆ ಸುಮಾರು 11,300 ಕಿಲೋಕ್ಯಾಲರಿ. ಅಲ್ಲಿಗೆ ಒಂದು ಸಿಲಿಂಡರ್ 1.6 ಲಕ್ಷ, ಎಂಟಕ್ಕೆ 12.8 ಲಕ್ಷ. ಪೆಟ್ರೋಲ್ ಲೀಟರಿಗೆ ಸುಮಾರು 7,800, ವರ್ಷದ 120 ಲೀಟರಿಗೆ 9.4 ಲಕ್ಷ. ಎಲ್ಲ ಸೇರಿ 32.5 ಲಕ್ಷ ಕಿಲೋಕ್ಯಾಲರಿ. ಕೋಟಿಯಿಂದ ಭಾಗಿಸಿ: 0.325 ಟಿಒಇ. ಇದನ್ನೇ 41.868ರಿಂದ ಗುಣಿಸಿದರೆ 13.6 ಗಿಗಾಜೌಲ್, 11,630ರಿಂದ ಗುಣಿಸಿದರೆ ಸುಮಾರು 3,780 ಯೂನಿಟ್. ಒಂದೇ ಮನೆ, ಒಂದೇ ಬಳಕೆ, ಬರೆಯುವ ರೀತಿ ಮೂರು. ಒಂದು ಗ್ಯಾಸ್ ಸಿಲಿಂಡರಿನಲ್ಲಿ ಸುಮಾರು 187 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ ಅನ್ನುವುದೂ ಈ ಲೆಕ್ಕದಿಂದಲೇ ಹೊರಬೀಳುತ್ತದೆ.

ದೇಶದ ಪಟ್ಟಿಯಲ್ಲಿ ಅಂಕಿ ದೊಡ್ಡದಾಗುವುದರಿಂದ ಮುಂದೆ ಅಕ್ಷರಗಳು ಸೇರಿಕೊಳ್ಳುತ್ತವೆ. ktoe ಅಂದರೆ ಸಾವಿರ ಟಿಒಇ, Mtoe ಅಂದರೆ ಹತ್ತು ಲಕ್ಷ. ಒಂದು Mtoe 41.868 ಪೆಟಾಜೌಲ್, ಅಥವಾ 11.63 TWh. ನಮ್ಮ ವಿದ್ಯುತ್ ಇಲಾಖೆಗಳ ಕಾಗದಗಳಲ್ಲಿ MU ಅಂತ ಇರುತ್ತದೆ. ಅದು ಮಿಲಿಯನ್ ಯೂನಿಟ್, ಅಂದರೆ ಒಂದು GWh. BU ಅಂದರೆ ನೂರು ಕೋಟಿ ಯೂನಿಟ್, ಅದೇ ಒಂದು TWh. ಮೆಗಾವಾಟಿಗೂ ಮೆಗಾವಾಟ್-ಗಂಟೆಗೂ ಗೊಂದಲ ಬೇಡ. ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ಅದರ ಸಾಮರ್ಥ್ಯ. ಅಷ್ಟೂ ಯಂತ್ರ ಬಿಡದೆ ಪೂರ್ತಿ ಓಡಿದರೆ ನೂರು ಕೋಟಿ ಯೂನಿಟ್ ಆಗಲು ಸುಮಾರು 40 ದಿನ ಬೇಕು. ಪಟ್ಟಿಗೆ ಬರುವುದು ಆ ಯೂನಿಟ್ಟುಗಳೇ ಹೊರತು ಸಾಮರ್ಥ್ಯವಲ್ಲ.

ಈಗ ಕಷ್ಟದ ಜಾಗಕ್ಕೆ ಬರೋಣ. ಮೂರು ಕಡೆಯಿಂದ ನೂರು ನೂರು ಕೋಟಿ ಯೂನಿಟ್ ಬಂತು ಅಂದುಕೊಳ್ಳಿ: ಶರಾವತಿಯ ನೀರಿನಿಂದ ಒಂದು ಪಾಲು, ಕೈಗಾದ ಪರಮಾಣು ಸ್ಥಾವರದಿಂದ ಅಷ್ಟೇ ಒಂದು ಪಾಲು, ರಾಯಚೂರಿನ ಕಲ್ಲಿದ್ದಲಿನಿಂದ ಅಷ್ಟೇ ಮತ್ತೊಂದು ಪಾಲು. ಮೂರೂ ಕಡೆ ನೂರು ನೂರು ಕೋಟಿ. ನಮ್ಮ ಮನೆಯ ಬಲ್ಬಿಗೆ ಮೂರೂ ಒಂದೇ. ಹಾಗಾದರೆ ದೇಶದ ಪಟ್ಟಿಯಲ್ಲಿ, ‘ಒಟ್ಟು ಇಂಧನ ಪೂರೈಕೆ’ ಎಂಬ ಸಾಲಿನಲ್ಲಿ, ಮೂರಕ್ಕೂ ಒಂದೇ ಟಿಒಇ ಬರಬೇಕು ಅಲ್ವಾ? ಬರುವುದಿಲ್ಲ.

ಶರಾವತಿಯದು ಸರಳ. ನೂರು ಕೋಟಿ ಯೂನಿಟ್ಟನ್ನು 860ರಿಂದ ಗುಣಿಸಿ, ಕೋಟಿಯಿಂದ ಭಾಗಿಸಿ. 86,000 ಟಿಒಇ, ಅಂದರೆ 0.086 Mtoe.

ಕೈಗಾದ್ದು ಹಾಗಲ್ಲ. ಐಇಎ ಲೆಕ್ಕದಲ್ಲಿ ಪರಮಾಣು ಸ್ಥಾವರದ ಮೊದಲ ಇಂಧನ ಅಂದರೆ ರಿಯಾಕ್ಟರಿನಲ್ಲಿ ಹುಟ್ಟುವ ಶಾಖ. ಆ ಶಾಖವನ್ನು ಅಳೆದ ಲೆಕ್ಕ ಇಲ್ಲದಿದ್ದರೆ, ಅದರಲ್ಲಿ ಶೇ. 33 ಮಾತ್ರ ವಿದ್ಯುತ್ ಆಯಿತು ಅಂತ ಹಿಡಿಯುತ್ತಾರೆ. ಹಾಗಾಗಿ 86,000ವನ್ನು 0.33ರಿಂದ ಭಾಗಿಸಬೇಕು. ಸುಮಾರು 2.6 ಲಕ್ಷ ಟಿಒಇ ಆಯಿತು.

ರಾಯಚೂರಿನ ಪಾಲಿಗೆ ಊಹೆ ಬೇಡ, ಉರಿಸಿದ ಕಲ್ಲಿದ್ದಲೇ ಲೆಕ್ಕಕ್ಕೆ ಬರುತ್ತದೆ. ಒಂದು ಯೂನಿಟ್ಟಿಗೆ 2,400 ಕಿಲೋಕ್ಯಾಲರಿ ಶಾಖ ಬೇಕಾಯಿತು ಅನ್ನೋಣ, ನಮ್ಮ ಕಲ್ಲಿದ್ದಲು ಸ್ಥಾವರಗಳಿಗೆ ಇದು ಸಹಜವಾದ ಅಂಕಿ. ಅದರಲ್ಲಿ ಯೂನಿಟ್ಟಾಗಿ ಹೊರಬಂದದ್ದು 860, ಅಂದರೆ ಶೇ. 36ರಷ್ಟು. ಉಳಿದದ್ದು ಚಿಮಣಿಯಲ್ಲಿ, ಕೂಲಿಂಗ್ ಟವರಿನಲ್ಲಿ ಹೋಯಿತು. ನೂರು ಕೋಟಿ ಯೂನಿಟ್ಟಿಗೆ 2.4 ಲಕ್ಷ ಟಿಒಇ. ಕೆಜಿಗೆ 4,000 ಕಿಲೋಕ್ಯಾಲರಿಯ ಕಲ್ಲಿದ್ದಲಾದರೆ ಯೂನಿಟ್ಟಿಗೆ 600 ಗ್ರಾಂ, ಒಟ್ಟು 6 ಲಕ್ಷ ಟನ್.

ಕಾಫಿ ಬೆಳೆಯುವವರಿಗೆ ಇದು ಬೇಗ ಹೊಳೆಯುತ್ತದೆ. ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ‘ಈ ಸಲ ಐದು ಟನ್ ಕಾಫಿ’ ಅಂದರೆ ಮರುಮಾತು ‘ಹಣ್ಣಾ, ಕ್ಲೀನಾ?’ ಅಂತಲೇ. ಐದಾರು ಕೆಜಿ ಹಣ್ಣಿಗೆ ಒಂದು ಕೆಜಿ ಕ್ಲೀನ್ ಕಾಫಿ. ಐಇಎ ಪಟ್ಟಿಯಲ್ಲಿ ಕಲ್ಲಿದ್ದಲು, ಪರಮಾಣು ಎರಡನ್ನೂ ಹಣ್ಣಿನ ತೂಕದಲ್ಲಿ ಬರೆದು, ನೀರು, ಗಾಳಿ, ಬಿಸಿಲಿನ ಕರೆಂಟನ್ನು ಕ್ಲೀನ್ ತೂಕದಲ್ಲಿ ಬರೆದ ಹಾಗೆ.

ಇದರಲ್ಲಿ ಮೋಸ ಇಲ್ಲ. ನೀರು ಅಣೆಕಟ್ಟಿನಿಂದ ಬೀಳುವಾಗ, ಬಿಸಿಲು ಫಲಕದ ಮೇಲೆ ಬೀಳುವಾಗ ನಮಗೆ ಬಳಸಲು ಸಿಗುವ ಮೊದಲ ರೂಪವೇ ವಿದ್ಯುತ್, ಹಾಗಾಗಿ ಅಲ್ಲಿಂದಲೇ ಎಣಿಸೋಣ ಅನ್ನುವುದು ಅವರ ವಾದ. ವಾದ ಸರಿಯೇ. ಆದರೆ ಓದುವವರಿಗೆ ಇದರ ಪರಿಣಾಮ ಗೊತ್ತಿರಬೇಕು. ನಮ್ಮ ಉದಾಹರಣೆಯಲ್ಲಿ ಕರೆಂಟಿನ ಮೂರನೇ ಒಂದು ಪಾಲು ಶರಾವತಿಯದು. ಟಿಒಇ ಪಟ್ಟಿಯಲ್ಲಿ ಮೂರರ ಮೊತ್ತ 5.86 ಲಕ್ಷ, ಅದರಲ್ಲಿ ಶರಾವತಿಯ ಪಾಲು 0.86 ಲಕ್ಷ. ಶೇ. 33 ಇದ್ದದ್ದು ಶೇ. 15ಕ್ಕೆ ಇಳಿಯಿತು! ನೀರು ಕಡಿಮೆ ಆಗಲಿಲ್ಲ, ಟರ್ಬೈನು ನಿಲ್ಲಲಿಲ್ಲ. ‘ದೇಶದ ಒಟ್ಟು ಇಂಧನದಲ್ಲಿ ಜಲವಿದ್ಯುತ್ ಪಾಲು ತೀರಾ ಕಡಿಮೆ’ ಅಂತ ಪತ್ರಿಕೆಯಲ್ಲಿ ಓದಿದಾಗ ಸುಮ್ನೆ ನಂಬಬೇಡಿ, ಯಾವ ಲೆಕ್ಕದಲ್ಲಿ ಅಂತ ಕೇಳಿ. ನಾಳೆ ಒಂದು ಕಲ್ಲಿದ್ದಲು ಸ್ಥಾವರ ಮುಚ್ಚಿ, ಅಷ್ಟೇ ಯೂನಿಟ್ ಸೋಲಾರಿನಿಂದ ಬಂದರೆ, ಪಟ್ಟಿಯಲ್ಲಿ ದೇಶದ ಇಂಧನ ಪೂರೈಕೆ ಇಳಿದ ಹಾಗೆ ಕಾಣುತ್ತದೆ. ಮನೆಯಲ್ಲಿ ಮಾತ್ರ ಫ್ಯಾನು ಮೊದಲಿನ ಹಾಗೇ ತಿರುಗುತ್ತಿರುತ್ತದೆ.

ಎಲ್ಲರೂ ಹೀಗೇ ಎಣಿಸುವುದಿಲ್ಲ. ಬಿಪಿ ಕಂಪನಿ ಬಹಳ ವರ್ಷ ಹೊರತಂದು, 2023ರಿಂದ ಎನರ್ಜಿ ಇನ್‌ಸ್ಟಿಟ್ಯೂಟ್ ಕೈಗೆತ್ತಿಕೊಂಡ ಜಾಗತಿಕ ಇಂಧನ ವರದಿ ಇದೆ. ಅದರ ಹಲವು ಸಂಚಿಕೆಗಳಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಈ ಜಲವಿದ್ಯುತ್ ಇಲ್ಲದಿದ್ದರೆ ಅಷ್ಟು ಕರೆಂಟಿಗೆ ಎಷ್ಟು ಕಲ್ಲಿದ್ದಲು ಅಥವಾ ಅನಿಲ ಸುಡಬೇಕಾಗುತ್ತಿತ್ತು ಅಂತ ಕೇಳಿ, ಆ ಅಂಕಿಯನ್ನು ಬರೆಯುವುದು. ಸುಮಾರು ಶೇ. 40 ದಕ್ಷತೆಯ ಸ್ಥಾವರ ಅಂತ ಹಿಡಿದರೆ ಶರಾವತಿಯ 86,000 ಟಿಒಇ ಅಲ್ಲಿ 2.15 ಲಕ್ಷ ಆಗುತ್ತದೆ. ಕೈಗಾದ್ದೂ ಅಷ್ಟೇ. ಮೂರರಲ್ಲಿ ಶರಾವತಿಯ ಪಾಲು ಶೇ. 32ಕ್ಕೆ ಹತ್ತಿರ, ಅಂದರೆ ಕರೆಂಟಿನ ಪಾಲಿಗೆ ಹೆಚ್ಚುಕಡಿಮೆ ಸಮ. ನನ್ನ ಮಟ್ಟಿಗೆ, ಯಾವ ಮೂಲದ ಪಾಲು ಎಷ್ಟು ಅಂತ ಹೋಲಿಸಲು ಈ ಎರಡನೆಯದು ಒಳ್ಳೆಯದು. ನಿಜವಾಗಿ ಎಷ್ಟು ಇಂಧನ ದೇಶದೊಳಗೆ ಬಂತು, ಎಷ್ಟು ಸುಟ್ಟಿತು ಅಂತ ತಿಳಿಯಲು ಮೊದಲನೆಯದೇ ಸರಿ. ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸುವುದು ಮಾತ್ರ ಯಾವತ್ತೂ ತಪ್ಪು.

ಅಂದ ಹಾಗೆ, ಈ ಗೊಂದಲ ಇರುವುದು ಪಟ್ಟಿಯ ಮೇಲ್ಭಾಗದಲ್ಲಿ, ಪೂರೈಕೆಯ ಸಾಲುಗಳಲ್ಲಿ. ಪಟ್ಟಿಯ ಕೆಳಗೆ ಮನೆ, ಕಾರ್ಖಾನೆ, ಕೃಷಿ ಅಂತ ಬಳಕೆಯ ಸಾಲುಗಳಿರುತ್ತವೆ. ಅಲ್ಲಿ ಕರೆಂಟು ಎಲ್ಲಿಂದ ಬಂದರೂ ಯೂನಿಟ್ಟಿಗೆ 860 ಕಿಲೋಕ್ಯಾಲರಿ ಮಾತ್ರ. ಹಾಸನದ ಮನೆಯ 1,200 ಯೂನಿಟ್ ಅಲ್ಲಿ 0.103 ಟಿಒಇ. ಅದೇ ಕರೆಂಟು ಪೂರ್ತಿ ಕಲ್ಲಿದ್ದಲಿನಿಂದ ಬಂದಿದ್ದರೆ ಮೇಲಿನ ಸಾಲಿನಲ್ಲಿ 0.288 ಟಿಒಇ, ತಂತಿಯಲ್ಲಿ ಸೋರಿದ್ದು ಬೇರೆ. ನಡುವೆ ಕಳೆದುಹೋದದ್ದನ್ನು ‘ಪರಿವರ್ತನೆ’ಯ ಸಾಲುಗಳಲ್ಲಿ ಋಣ ಚಿಹ್ನೆ ಹಾಕಿ ತೋರಿಸಿರುತ್ತಾರೆ. ತಲಾ ಬಳಕೆ ಎಷ್ಟು ಅಂತ ಯಾರಾದರೂ ಹೇಳಿದರೆ ಮೇಲಿನ ಸಾಲಿನದೋ ಕೆಳಗಿನದೋ ಅಂತ ಮೊದಲು ನೋಡಿ.

ಇನ್ನೊಂದು ಕಡೆ ಅಂಕಿ ಮೆಲ್ಲಗೆ ಜಾರುತ್ತದೆ. ಯಾವುದೇ ಇಂಧನ ಉರಿದಾಗ ಅದರೊಳಗಿನ ಹೈಡ್ರೋಜನ್ ನೀರಾಗುತ್ತದೆ, ಆ ನೀರು ಆವಿಯಾಗಿ ಹೊಗೆಯ ಜೊತೆ ಹೋಗುತ್ತದೆ. ಆವಿಯಾಗಲು ತೆಗೆದುಕೊಂಡ ಶಾಖವನ್ನೂ ಸೇರಿಸಿ ಹೇಳಿದರೆ ಒಟ್ಟು ಶಾಖ ಮೌಲ್ಯ, ಜಿಸಿವಿ. ಅದನ್ನು ಕಳೆದು ಹೇಳಿದರೆ ನಿವ್ವಳ ಶಾಖ ಮೌಲ್ಯ, ಎನ್‌ಸಿವಿ. ಕಲ್ಲಿದ್ದಲು, ತೈಲಕ್ಕೆ ಎರಡರ ನಡುವೆ ಸುಮಾರು ಶೇ. 5 ಅಂತರ, ನೈಸರ್ಗಿಕ ಅನಿಲಕ್ಕೆ ಸುಮಾರು ಶೇ. 10. ನಮ್ಮ ದೇಶದಲ್ಲಿ ಕಲ್ಲಿದ್ದಲನ್ನು 2012ರಿಂದ ಜಿಸಿವಿ ನೋಡಿ ಜಿ1ರಿಂದ ಜಿ17ರವರೆಗೆ ದರ್ಜೆ ಮಾಡುತ್ತಾರೆ. ಜಿ11 ಅಂದರೆ ಕೆಜಿಗೆ 4,001ರಿಂದ 4,300 ಕಿಲೋಕ್ಯಾಲರಿ. ಐಇಎ ಪಟ್ಟಿ ನಡೆಯುವುದು ಎನ್‌ಸಿವಿ ಮೇಲೆ. ರಾಯಚೂರಿನ ಪಾಲಿಗೆ ನಾವು ಹಾಕಿದ 2.4 ಲಕ್ಷ ಟಿಒಇ ಜಿಸಿವಿ ಲೆಕ್ಕದ್ದು. ಅದೇ ಕಲ್ಲಿದ್ದಲು ಎನ್‌ಸಿವಿ ಲೆಕ್ಕದಲ್ಲಿ ಸುಮಾರು 2.28 ಲಕ್ಷ. ಒಂದು ಚೂರು ಕಲ್ಲಿದ್ದಲೂ ಕಡಿಮೆಯಾಗದೆ 12,000 ಟಿಒಇ ಮಾಯ.

ಸೌದೆಯಲ್ಲಿ ಈ ನೀರಿನ ಆಟ ಇನ್ನೂ ಜೋರು. ಒಣಗಿದ ಸೌದೆಗೆ ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಟನ್ನಿಗೆ 15.6 ಗಿಗಾಜೌಲ್ ಹಾಕುವ ರೂಢಿ ಇದೆ, ಅಂದರೆ ಕೆಜಿಗೆ ಸುಮಾರು 3,700 ಕಿಲೋಕ್ಯಾಲರಿ. ತೋಟದಲ್ಲಿ ನೆರಳಿನ ಮರ ಸವರಿದಾಗ ಬಿದ್ದ ಹಸಿ ಸಿಲ್ವರ್ ಓಕ್ ರೆಂಬೆಯಲ್ಲಿ ಅರ್ಧ ತೂಕ ನೀರೇ ಇದೆ ಅಂದುಕೊಳ್ಳಿ. ಆಗ ಟನ್ನಿಗೆ 8 ಗಿಗಾಜೌಲ್ ಸಿಕ್ಕರೆ ಹೆಚ್ಚು. ಹಸಿ ಸೌದೆ ಬಚ್ಚಲೊಲೆಗೆ ಹಾಕಿದವರಿಗೆ ಇದು ಗೊತ್ತೇ ಇದೆ: ಹೊಗೆ ಜಾಸ್ತಿ, ಹಂಡೆ ಕಾಯುವುದಿಲ್ಲ. ಸೌದೆಗೆ ಬಿಲ್ ಇಲ್ಲ, ತೇವಾಂಶ ಅಳೆಯುವವರಿಲ್ಲ. ಅದಕ್ಕೇ ಅದರ ಟಿಒಇ ಅಂದಾಜಿನದು. ಐಇಎ ಪಟ್ಟಿಯಲ್ಲಿ ಸೌದೆ, ಬೆರಣಿ, ಕೃಷಿ ತ್ಯಾಜ್ಯ ಸೇರಿ ಭಾರತದ ಪೂರೈಕೆಯ ಐದನೇ ಒಂದು ಪಾಲಿನಷ್ಟು ಆಗುತ್ತದೆ. ಅದನ್ನು ಸೇರಿಸದ ಪಟ್ಟಿಯನ್ನೂ ಸೇರಿಸಿದ ಪಟ್ಟಿಯನ್ನೂ ಒಟ್ಟಿಗೆ ಇಟ್ಟರೆ ಮೊತ್ತ ತಾಳೆ ಬೀಳುವುದೇ ಇಲ್ಲ. ನಮ್ಮ ವರ್ಷ ಏಪ್ರಿಲ್‌ನಿಂದ ಮಾರ್ಚ್, ಅವರದು ಜನವರಿಯಿಂದ ಡಿಸೆಂಬರ್ ಇರಬಹುದು, ಅದನ್ನೂ ಗಮನಿಸಿ.

ಹಾಗಾದರೆ ಕೈಯಲ್ಲಿರುವ ಪಟ್ಟಿ ಯಾವ ಲೆಕ್ಕದ್ದು ಅಂತ ಪತ್ತೆ ಮಾಡುವುದು ಹೇಗೆ? ಅಡಿಟಿಪ್ಪಣಿಯಲ್ಲಿ ಬರೆದಿರುತ್ತಾರೆ. ಬರೆದಿರದಿದ್ದರೆ ಒಂದು ಭಾಗಾಕಾರ ಸಾಕು. ಜಲವಿದ್ಯುತ್ತಿನ Mtoe ಅಂಕಿಯನ್ನು ಅದೇ ವರ್ಷದ ಜಲವಿದ್ಯುತ್ತಿನ TWh ಅಂಕಿಯಿಂದ ಭಾಗಿಸಿ. 0.086 ಬಂದರೆ ನೇರ ಲೆಕ್ಕ, ಐಇಎ ದಾರಿ. 0.21ರಿಂದ 0.24ರ ಒಳಗೆ ಬಂದರೆ ಕಲ್ಲಿದ್ದಲಿಗೆ ಹೋಲಿಸಿದ ಲೆಕ್ಕ. ಪರಮಾಣು ವಿದ್ಯುತ್ತಿಗೆ 0.26 ಬಂದರೆ ಶೇ. 33ರ ಊಹೆ ಅಲ್ಲಿದೆ. ಇದ್ಯಾವುದೂ ಅಲ್ಲದೆ 0.000086 ಅಂತಲೋ 86 ಅಂತಲೋ ಬಂದರೆ ಎಲ್ಲೋ ಕಿಲೋ, ಮೆಗಾ ಅದಲುಬದಲಾಗಿದೆ.

ಕಲ್ಲಿದ್ದಲಿಗೂ ಹೀಗೇ ಮಾಡಿ. Mtoe ಅಂಕಿಯನ್ನು ಮಿಲಿಯನ್ ಟನ್ನಿನಿಂದ ಭಾಗಿಸಿ, 10,000ದಿಂದ ಗುಣಿಸಿ. ಕೆಜಿಗೆ ಎಷ್ಟು ಕಿಲೋಕ್ಯಾಲರಿ ಹಿಡಿದಿದ್ದಾರೆ ಅಂತ ಸಿಗುತ್ತದೆ. ನಮ್ಮ ನೆಲದ ಕಲ್ಲಿದ್ದಲಿಗೆ 4,000ದ ಆಸುಪಾಸು ಬಂದರೆ ನಂಬಬಹುದು. 7,000 ಬಂದರೆ ಬರೆದವರು ‘ಟನ್ ಕಲ್ಲಿದ್ದಲಿಗೆ ಸಮ’ ಎಂಬ ಇನ್ನೊಂದು ಅಂತರರಾಷ್ಟ್ರೀಯ ಅಳತೆಯನ್ನು ನಮ್ಮ ಕಲ್ಲಿದ್ದಲಿನ ಟನ್ನಿಗೇ ಹಾಕಿಬಿಟ್ಟಿದ್ದಾರೆ. ಆ ಅಳತೆಯಲ್ಲಿ ಒಂದು ಟನ್ ಅಂದರೆ 70 ಲಕ್ಷ ಕಿಲೋಕ್ಯಾಲರಿ. ಬೂದಿ ತುಂಬಿದ ನಮ್ಮ ಕಲ್ಲಿದ್ದಲಿನಲ್ಲಿ ಅಷ್ಟು ಇರುವುದಿಲ್ಲ. ರಾಯಚೂರಿನ ಆ 6 ಲಕ್ಷ ಟನ್ 2.4 ಲಕ್ಷ ಟಿಒಇ ಆಗುವ ಬದಲು 4.2 ಲಕ್ಷ ಆಗಿಬಿಡುತ್ತದೆ. ಆಗ ಯೂನಿಟ್ಟಿಗೆ 4,200 ಕಿಲೋಕ್ಯಾಲರಿ ಸುಟ್ಟ ಹಾಗಾಯಿತು, ಅಂದರೆ ಸ್ಥಾವರದ ದಕ್ಷತೆ ಶೇ. 20. ಅಂಥ ಅಂಕಿ ಕಂಡರೆ ಸ್ಥಾವರವನ್ನು ದೂರುವ ಮೊದಲು ಪಟ್ಟಿಯ ಕಲ್ಲಿದ್ದಲಿನ ಕಾಲಂ ಇನ್ನೊಮ್ಮೆ ನೋಡಿ.